ಫ್ರೀ ವಿಲ್ ಇಲ್ಲಾಂದ್ರೆ ತಪ್ಪಿಗೆ ಮಾಫಿನಾ?

ಪ್ರಶ್ನೆ: ಎಲ್ಲಾ ಮೊದ್ಲೇ ಫಿಕ್ಸ್ ಆಗಿದ್ರೆ ತಪ್ಪು ಮಾಡಿದೋರನ್ನ ದೂರೋದು ಹೇಗೆ ಸರಿ?

ಉತ್ತರ: ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಇಬ್ರು ರೆಡ್ ಜಂಪ್ ಮಾಡಿದ್ರು ಅಂದ್ಕೊಳ್ಳಿ, ಒಬ್ಬನಿಗೆ ಓಡಿಸ್ತಿರುವಾಗ್ಲೇ ಫಿಟ್ಸ್ ಬಂತು, ಇನ್ನೊಬ್ಬನಿಗೆ ಆಫೀಸ್‌ಗೆ ಲೇಟಾಗಿತ್ತು. ಎಲ್ಲಾ ಮೊದ್ಲೇ ಫಿಕ್ಸ್ ಅನ್ನೋ ಡಿಟರ್ಮಿನಿಸಂ ನಿಜ ಆದ್ರೆ ಎರಡಕ್ಕೂ ಹಿಂದೆ ಕಾರಣಗಳ ಸರಪಳಿ ಇದ್ದೇ ಇದೆ, ಆದ್ರೂ ನಾವು ಹಿಡಿಯೋದು ಎರಡನೆಯವನನ್ನೇ. ಯಾಕೆ? ಅಲ್ಲೊಬ್ಬ ಟ್ರಾಫಿಕ್ ಪೊಲೀಸ್ ನಿಂತಿದ್ರೆ ಲೇಟಾದವನು ಗ್ಯಾರಂಟಿ ಬ್ರೇಕ್ ಹಾಕ್ತಿದ್ದ, ಫಿಟ್ಸ್ ಬಂದವನಿಗೆ ಪೊಲೀಸ್ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಅಂದ್ರೆ ಕಾರಣ ಇತ್ತಾ ಅನ್ನೋದಲ್ಲ, ಅದು ಅವನ ಯೋಚನೆ ಮೂಲಕ ಬಂತಾ ಅಥವಾ ಯೋಚನೆನ ಬೈಪಾಸ್ ಮಾಡ್ತಾ ಅನ್ನೋದು ಮುಖ್ಯ. ಇದು ಕಂಪ್ಯಾಟಿಬಿಲಿಸಂ, ಅಂದ್ರೆ ಎಲ್ಲಾ ಫಿಕ್ಸ್ ಆಗಿದ್ರೂ ಹೊಣೆ ಇದ್ದೇ ಇರ್ಬಹುದು ಅನ್ನೋ ವಾದ, ನನಗೂ ಇದೇ ಸರಿ ಅನ್ಸುತ್ತೆ.

ಹಾಗಂತ ಫಿಟ್ಸ್ ಅಂದ ತಕ್ಷಣ ಬಚಾವ್ ಅಲ್ಲ. ಗಾಡಿ ಓಡಿಸ್ಬೇಡ ಅಂತ ಡಾಕ್ಟರ್ ಹೇಳಿದ್ರೂ ಮಾತ್ರೆ ಬಿಟ್ಟು ಕೀ ತಗೊಂಡು ಹೊರಟಿದ್ರೆ ತಪ್ಪು ಮನೆ ಬಾಗಿಲಲ್ಲೇ ಆಗೋಗಿದೆ.

ನಮ್ಮ ಕಾನೂನೂ (ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 22, ಹಳೇ ಐಪಿಸಿ 84) ಮೆದುಳು ಮಾಡಿಸ್ತಾ ಅಂತ ಕೇಳಲ್ಲ, ಮಾನಸಿಕ ಅಸ್ವಸ್ಥತೆಯಿಂದ ತಾನೇನ್ ಮಾಡ್ತಿದ್ದೀನಿ ಅಂತ ಅಥವಾ ಅದು ತಪ್ಪು ಅಂತ ತಿಳ್ಕೊಳ್ಳೋ ಶಕ್ತಿನೇ ಇರ್ಲಿಲ್ವಾ ಅಂತ ಕೇಳುತ್ತೆ.

ಒಂದು ಆಕ್ಷೇಪ ಮಾತ್ರ ನನಗೂ ಕಾಡುತ್ತೆ: ಆ ಅವಸರದ ಸ್ವಭಾವನ ಅವನೇನು ಆರಿಸ್ಕೊಂಡು ಹುಟ್ಟಿದ್ನಾ? ಇಲ್ಲ. ಅದಕ್ಕೇ ಫೈನ್, ಲೈಸೆನ್ಸ್ ಸಸ್ಪೆಂಡ್ ಇವೆಲ್ಲ ಓಕೆ, ನಾಳೆ ಅವನು ಕಾಲು ಬ್ರೇಕ್ ಮೇಲಿಡ್ತಾನೆ. ಆದ್ರೆ ‘ಅನುಭವಿಸ್ಲಿ ಬಡ್ಡಿಮಗ’ ಅನ್ನೋ ಸೇಡಿಗೆ ನನ್ನ ಹತ್ರ ಸಮರ್ಥನೆ ಇಲ್ಲ.