ಹೊಸ ವರ್ಷಕ್ಕೆ ಸೇರಿದವರಿಗೆ ಜಿಮ್‌ನಲ್ಲಿ ಇಷ್ಟು ಕಡಿಮೆ ಭಾರ ಕೊಡುವುದೇಕೆ?

ಪ್ರಶ್ನೆ: ಜನವರಿ ಮೊದಲ ವಾರ ಜಿಮ್ ಸೇರಿದೆ. ವಯಸ್ಸು 29, ಆರೋಗ್ಯ ಚೆನ್ನಾಗಿದೆ. "ಹೊಸ ಸದಸ್ಯರು ಮೊದಲ ಹನ್ನೆರಡು ವಾರ ಈ ಹಾಳೆಯಲ್ಲಿರುವಂತೆಯೇ ಮಾಡಬೇಕು" ಎಂದು ಮಾಲೀಕರು ಗೋಡೆಗೆ ಚೀಟಿ ಅಂಟಿಸಿದ್ದಾರೆ. ಮೊದಲ ವಾರ ಒಂದೊಂದೇ ಸೆಟ್, ಅದೂ ಏನೇನೂ ಸಾಲದ ಭಾರ. ವರ್ಷದ ಹಣ ಪೂರ್ತಿ ಕಟ್ಟಿದ್ದೇನೆ. ಇದು ಗುಂಪು ನಿಭಾಯಿಸುವ ಉಪಾಯವೇ, ಅಥವಾ ನಿಜವಾಗಿಯೂ ಕಾರಣವಿದೆಯೇ?

ಉತ್ತರ: ನಾನು ಮೈಸೂರಿನಲ್ಲಿ ಒಂದು ಸಣ್ಣ ಜಿಮ್ ನಡೆಸುತ್ತೇನೆ. ಪ್ರತಿ ಡಿಸೆಂಬರ್ ಕೊನೆಯ ವಾರ ಹೆಚ್ಚುಕಡಿಮೆ ಇಂಥದ್ದೇ ಚೀಟಿಯನ್ನು ನಾನೂ ಅಂಟಿಸುತ್ತೇನೆ. ಗುಂಪಿನ ಮಾತು ಸುಳ್ಳಲ್ಲ. ನಮ್ಮಲ್ಲಿರುವುದು ಒಂದೇ ಸ್ಕ್ವಾಟ್ ರ‍್ಯಾಕ್. ಜನವರಿಯ ಸಂಜೆ ಆರರಿಂದ ಒಂಬತ್ತರವರೆಗೆ ಅದರ ಮುಂದೆ ಸಾಲು ನಿಲ್ಲುತ್ತದೆ. ಆದರೆ ಜಿಮ್ ಇಡೀ ಖಾಲಿಯಿದ್ದರೂ ನಾನು ಅದೇ ಹಾಳೆಯನ್ನು ಕೊಡುತ್ತೇನೆ. ಅದಕ್ಕೆ ಕಾರಣವಾದ ಘಟನೆಯಿಂದಲೇ ಶುರು ಮಾಡುತ್ತೇನೆ.

ಜಿಮ್ ತೆರೆದ ಮೊದಲ ವರ್ಷಗಳಲ್ಲಿ ನಾನು ಯಾರನ್ನೂ ತಡೆಯುತ್ತಿರಲಿಲ್ಲ. ಒಂದು ಜನವರಿಯಲ್ಲಿ ಇಪ್ಪತ್ತನಾಲ್ಕರ ಹುಡುಗನೊಬ್ಬ ಸೇರಿದ. ಎರಡನೆಯ ದಿನವೇ ಹಳೆಯ ಸದಸ್ಯರೊಬ್ಬರ ಜೊತೆ ಸೇರಿಕೊಂಡು, ಅವರು ಮಾಡುತ್ತಿದ್ದ ತೋಳಿನ ವ್ಯಾಯಾಮಗಳನ್ನೆಲ್ಲ ಒಂದೂ ಬಿಡದೆ ಮಾಡಿದ. ನಾನು ಕೌಂಟರ್‌ನಲ್ಲಿ ಕುಳಿತು ನೋಡುತ್ತಿದ್ದೆ, ಅವನ ಉತ್ಸಾಹ ಕಂಡು ಸಂತೋಷವೂ ಆಗಿತ್ತು. ಮೂರನೆಯ ದಿನ ಅವನಿಗೆ ಎರಡೂ ತೋಳುಗಳನ್ನು ನೇರ ಮಾಡಲು ಆಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಫೋನ್ ಮಾಡಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬರುತ್ತಿದೆ ಎಂದ. ತಕ್ಷಣ ಆಸ್ಪತ್ರೆಗೆ ಹೋಗಲು ಹೇಳಿದೆ. ಕೆಲವು ದಿನ ಸಲೈನ್ ಹಾಕಿದರು. ಮೂತ್ರಪಿಂಡಕ್ಕೆ ಏಟಾಗದೆ ಉಳಿದುಕೊಂಡ. ಸ್ನಾಯುವಿನ ಎಳೆಗಳು ಮಿತಿ ಮೀರಿ ಹಾಳಾದಾಗ ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸುವ ಮೂತ್ರಪಿಂಡಕ್ಕೆ ಅದರಿಂದಲೇ ಹಾನಿಯಾಗುತ್ತದೆ. ಇದಕ್ಕೆ ರಾಬ್ಡೊಮಯೊಲಿಸಿಸ್ ಎಂದು ಹೆಸರು. ಅಪರೂಪದ ತೊಂದರೆ ನಿಜ, ಆದರೆ ಬರುವುದು ಹೆಚ್ಚಾಗಿ ಇಂಥವರಿಗೇ: ಅಭ್ಯಾಸವಿಲ್ಲದ ದೇಹ, ಹಠ, ಒಂದೇ ಸ್ನಾಯುವಿಗೆ ಲೆಕ್ಕವಿಲ್ಲದಷ್ಟು ಕೆಲಸ.

ಗುರುತು ತಿಳಿದಿರಲಿ. ಸಾಮಾನ್ಯ ಮೈಕೈ ನೋವು ವ್ಯಾಯಾಮದ ಮರುದಿನದಿಂದ ಮೂರನೆಯ ದಿನದೊಳಗೆ ಏರಿ, ಆಮೇಲೆ ಇಳಿಯುತ್ತದೆ. ಸ್ವಲ್ಪ ಓಡಾಡಿದರೆ ಹಗುರಾಗುತ್ತದೆ. ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಸ್ನಾಯು ಊದಿ ಬಿಗಿದುಕೊಂಡಿದ್ದರೆ, ಮೂತ್ರ ಕಪ್ಪಾಗಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ನೋವಿನ ಮಾತ್ರೆ ನುಂಗಿ ಕಾಯಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಆ ಹೊತ್ತಿನಲ್ಲಿ ಮೂತ್ರಪಿಂಡಕ್ಕೆ ಇನ್ನಷ್ಟು ಹೊರೆಯಾಗುತ್ತವೆ.

ಈಗ ನಿಮ್ಮ ಒಂದು ಸೆಟ್‌ನ ವಿಷಯ. ಸ್ನಾಯುವಿಗೆ ಒಂದು ಗುಣವಿದೆ. ಹೊಸ ವ್ಯಾಯಾಮವನ್ನು ಒಮ್ಮೆ ಮಾಡಿದ ಮೇಲೆ, ಅದೇ ವ್ಯಾಯಾಮ ಮತ್ತೆ ಬಂದಾಗ ಹಾನಿಯೂ ನೋವೂ ಬಹಳ ಕಡಿಮೆಯಾಗುತ್ತವೆ. ಈ ರಕ್ಷಣೆ ಕೆಲವು ವಾರಗಳವರೆಗೆ ಉಳಿಯುತ್ತದೆ. ಅದನ್ನು ಪಡೆಯಲು ಮೊದಲ ದಿನ ಮೈಯನ್ನು ಹಣ್ಣು ಮಾಡಬೇಕಾಗಿಲ್ಲ, ಹಗುರವಾದ ಒಂದು ಸೆಟ್ ಕೂಡ ಅದರ ಒಳ್ಳೆಯ ಪಾಲನ್ನು ಕೊಡುತ್ತದೆ. ಆದ್ದರಿಂದ ಮೊದಲ ವಾರದ ಕೆಲಸ ಶಕ್ತಿ ಬೆಳೆಸುವುದಲ್ಲ, ಈ ರಕ್ಷಣೆಯನ್ನು ಕಟ್ಟಿಕೊಳ್ಳುವುದು. ಎರಡನೆಯ ವಾರ ಎರಡು ಸೆಟ್, ಮೂರನೆಯ ವಾರ ಮೂರು. ಮೊದಲ ದಿನವೇ ಐದು ಸೆಟ್ ಮಾಡಿದವರು ಮುಂದಿನ ಐದು ದಿನ ಮೆಟ್ಟಿಲು ಇಳಿಯಲಾಗದೆ ಮನೆಯಲ್ಲಿರುತ್ತಾರೆ. ವಾರಕ್ಕೆ ಮೂರು ದಿನ ಒಂದೊಂದು ಸೆಟ್ ಮಾಡಿದವರು ಆ ಹೊತ್ತಿಗೆ ಅವರಿಗಿಂತ ಮುಂದಿರುತ್ತಾರೆ.

ಇದು ನನ್ನ ಕಲ್ಪನೆಯಲ್ಲ, ಹೊಸದೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರ ಕಾಲುಗಳಿಗೆ ಬಲ ತರಿಸಲು ಭಾರವನ್ನು ಅಳೆದು, ಹಂತ ಹಂತವಾಗಿ ಏರಿಸುವ ಕ್ರಮವನ್ನು ರೂಪಿಸಿ 1945ರಲ್ಲಿ ಪ್ರಕಟಿಸಿದರು. ಇಂದಿನ ಬಹುತೇಕ ಜಿಮ್ ಯೋಜನೆಗಳ ಬೇರು ಅಲ್ಲಿದೆ. ನಮ್ಮ ಊರಿನ ಗರಡಿ ಮನೆಗಳಲ್ಲಿಯೂ ಹೊಸ ಹುಡುಗ ಬಸ್ಕಿ, ದಂಡಗಳ ಎಣಿಕೆಯನ್ನು ಏರಿಸಿಕೊಂಡೇ ಮುಂದೆ ಹೋಗಬೇಕು.

ಏರಿಸುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿನ ಒಬ್ಬ ಶಾಲಾ ಶಿಕ್ಷಕಿಯ ಹಾಳೆಯನ್ನೇ ಹೇಳುತ್ತೇನೆ. ವಯಸ್ಸು ನಲವತ್ತೊಂದು, ಮೊದಲು ಯಾವ ವ್ಯಾಯಾಮವೂ ಮಾಡಿದವರಲ್ಲ. ಸೋಮವಾರ, ಬುಧವಾರ, ಶುಕ್ರವಾರ, ದಿನಕ್ಕೆ ನಲವತ್ತೈದು ನಿಮಿಷ. ಐದೇ ವ್ಯಾಯಾಮ: ಸ್ಕ್ವಾಟ್, ಬೆಂಚಿಗೆ ಕೈಯೂರಿ ಪುಷ್‌ಅಪ್, ಕುಳಿತು ಎಳೆಯುವ ರೋ, ಡಂಬೆಲ್ ಹಿಡಿದು ಸೊಂಟದಿಂದ ಬಾಗಿ ಏಳುವುದು, ತಲೆಯ ಮೇಲೆ ಎತ್ತುವ ಪ್ರೆಸ್.

ಸ್ಕ್ವಾಟ್ ಒಂದನ್ನೇ ಹಿಂಬಾಲಿಸೋಣ. ಮೊದಲ ವಾರ ಭಾರವಿಲ್ಲದೆ ಬೆಂಚಿನ ಮೇಲೆ ಕುಳಿತು ಏಳುವುದು, ಒಂದು ಸೆಟ್, ಹತ್ತು ಸಲ. ಎರಡನೆಯ ವಾರ 5 ಕಿಲೋ ಡಂಬೆಲನ್ನು ಎದೆಗೆ ಹಿಡಿದು ಎಂಟು ಸಲ, ಎರಡು ಸೆಟ್. ಮೂರನೆಯ ವಾರ ಅದೇ ಭಾರ, ಮೂರು ಸೆಟ್. ಅಲ್ಲಿಂದ ನಿಯಮ ಒಂದೇ. ಪ್ರತಿ ಸೆಟ್‌ನಲ್ಲಿ ಸಲಗಳನ್ನು ಎಂಟರಿಂದ ಹನ್ನೆರಡರವರೆಗೆ ಒಂದೊಂದಾಗಿ ಏರಿಸಬೇಕು. ಮೂರೂ ಸೆಟ್ ಹನ್ನೆರಡು ಮುಟ್ಟಿದ ಮೇಲೆ ಭಾರವನ್ನು ಒಂದು ಮೆಟ್ಟಿಲು ಏರಿಸಿ, ಮತ್ತೆ ಎಂಟಕ್ಕೆ ಇಳಿಯಬೇಕು. ಅವರು ನಾಲ್ಕನೆಯ ವಾರದ ಕೊನೆಗೆ 7.5 ಕಿಲೋ, ಆರನೆಯ ವಾರದ ಕೊನೆಗೆ 10, ಎಂಟನೆಯ ವಾರ 12.5 ಹಿಡಿದರು. ಹನ್ನೆರಡನೆಯ ವಾರ ಮುಗಿಯುವಾಗ 15 ಕಿಲೋ ಹಿಡಿದು ಹನ್ನೆರಡು ಸಲ, ಮೂರು ಸೆಟ್. ಎರಡನೆಯ ವಾರ ಒಂದು ದಿನಕ್ಕೆ ಅವರು ಎತ್ತುತ್ತಿದ್ದ ಒಟ್ಟು ಭಾರ 80 ಕಿಲೋ, ಕೊನೆಯ ದಿನ 540. ಒಂದು ದಿನವೂ ಅವರು ನೋವಿನಿಂದ ರಜೆ ಹಾಕಲಿಲ್ಲ.

ಭಾರ ಸರಿಯಾಗಿದೆಯೇ ಎಂದು ತಿಳಿಯಲು ಕೊನೆಯ ಎರಡು ಸಲಗಳನ್ನು ಗಮನಿಸಿ. ವೇಗ ಸ್ವಲ್ಪ ತಗ್ಗಿರಬೇಕು, ಆದರೆ ಆಕಾರ ಕೆಡಬಾರದು. ನಿಲ್ಲಿಸಿದಾಗ ಇನ್ನು ಎರಡು ಮೂರು ಸಲ ಆಗುತ್ತಿತ್ತು ಅನ್ನಿಸಬೇಕು. ಮಂಡಿ ಒಳಕ್ಕೆ ಬೀಳುತ್ತಿದ್ದರೆ, ಉಸಿರು ಕಟ್ಟಿ ಮುಖ ಕಿವುಚುತ್ತಿದ್ದರೆ ಭಾರ ಹೆಚ್ಚಾಯಿತು.

ಎಲ್ಲ ವ್ಯಾಯಾಮವೂ ಇಷ್ಟು ಸಲೀಸಾಗಿ ಏರುವುದಿಲ್ಲ. ಅದೇ ಶಿಕ್ಷಕಿ ಪ್ರೆಸ್‌ನಲ್ಲಿ ಸಿಕ್ಕಿಕೊಂಡರು. ಕೈಗೊಂದು 2.5 ಕಿಲೋ ಡಂಬೆಲ್ ಎತ್ತಿ ಹನ್ನೆರಡು ಸಲ ಮುಗಿಸಿದ್ದರು. ನಮ್ಮಲ್ಲಿ ಅದರ ಮುಂದಿನದು 5 ಕಿಲೋ, ಅಂದರೆ ಒಂದೇ ಏಟಿಗೆ ಎರಡರಷ್ಟು. ಭುಜದ ಸಣ್ಣ ಸ್ನಾಯುಗಳು ಇದನ್ನು ತಾಳುವುದಿಲ್ಲ. ಹಾಗಾಗಿ 2.5ರಲ್ಲಿಯೇ ಹದಿನೆಂಟು ಸಲದವರೆಗೆ ಹೋಗಲು ಹೇಳಿದೆ. ಆಮೇಲೆ ಮೊದಲ ಸೆಟ್ ಮಾತ್ರ 5 ಕಿಲೋದಲ್ಲಿ ಐದಾರು ಸಲ, ಉಳಿದೆರಡು ಹಳೆಯ ಭಾರದಲ್ಲಿ. ಮೂರು ವಾರದಲ್ಲಿ ಮೂರೂ ಸೆಟ್ 5 ಕಿಲೋಗೆ ಬಂದವು. ಬಾರ್‌ಬೆಲ್‌ನಲ್ಲಿಯೂ ಇದೇ ತೊಡಕು. ಬಾರ್ 20 ಕಿಲೋ ಇದ್ದು, ಜಿಮ್‌ನ ಅತಿ ಚಿಕ್ಕ ಪ್ಲೇಟ್ 2.5 ಕಿಲೋ ಆಗಿದ್ದರೆ, ಎರಡೂ ಬದಿಗೆ ಹಾಕಿದಾಗ ಒಮ್ಮೆಲೇ 25 ಆಗುತ್ತದೆ, ಕಾಲು ಭಾಗ ಹೆಚ್ಚು. 1.25ರ ಪ್ಲೇಟ್ ಇದ್ದರೆ 22.5ರಲ್ಲಿ ನಿಲ್ಲಬಹುದು. ಆ ಪುಟ್ಟ ಪ್ಲೇಟುಗಳಿಗೆ ಖರ್ಚು ಮಾಡಿದ ಹಣದಷ್ಟು ಸಾರ್ಥಕವಾದ ಹಣ ನನ್ನ ಜಿಮ್‌ನಲ್ಲಿ ಬೇರೆ ಯಾವುದೂ ಇಲ್ಲ.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಐದನೆಯ ವಾರದ ಬಗ್ಗೆ. ಮೊದಲ ವಾರಗಳಲ್ಲಿ ಬರುವ ಶಕ್ತಿಯ ಹೆಚ್ಚಿನ ಪಾಲು ನರಗಳ ಕಲಿಕೆಯಿಂದ ಬಂದದ್ದು. ಇರುವ ಸ್ನಾಯುವನ್ನೇ ಮೆದುಳು ಚೆನ್ನಾಗಿ ಬಳಸಲು ಕಲಿತಿರುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಎರಡು ಮೂರು ತಿಂಗಳು ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜುಗಳು ಅದಕ್ಕಿಂತಲೂ ನಿಧಾನ. ಅಂದರೆ ಐದನೆಯ ವಾರದಲ್ಲಿ ನಿಮಗೆ ಹತ್ತು ಕಿಲೋ ಹೆಚ್ಚು ಎತ್ತುವ ಶಕ್ತಿ ಬಂದಂತೆ ಅನ್ನಿಸುತ್ತದೆ, ನಿಜಕ್ಕೂ ಎತ್ತಿಬಿಡಬಹುದು, ಆದರೆ ಮೊಣಕೈ, ಭುಜ, ಮಂಡಿಯ ರಜ್ಜುಗಳು ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸಬರು ಕೀಲುನೋವು ಎಂದು ನನ್ನ ಬಳಿ ಬರುವುದು ಹೆಚ್ಚಾಗಿ ಫೆಬ್ರವರಿಯಲ್ಲಿ, ಜನವರಿಯಲ್ಲಲ್ಲ. ಹಾಳೆ ಹನ್ನೆರಡು ವಾರ ಇರುವುದು ಇದೇ ಕಾರಣಕ್ಕೆ.

ಸಂಕ್ರಾಂತಿಗೆ ಊರಿಗೆ ಹೋಗಿ, ಇಲ್ಲವೇ ಜ್ವರ ಬಂದು ವಾರ ತಪ್ಪಿದರೆ ಒಂದು ಮೆಟ್ಟಿಲು ಕಡಿಮೆ ಭಾರ, ಒಂದು ಸೆಟ್ ಕಡಿಮೆ ಮಾಡಿ ಮತ್ತೆ ಶುರು ಮಾಡಿ. ತಪ್ಪಿದ್ದನ್ನು ಒಂದೇ ದಿನ ತುಂಬಿಸಲು ಹೋಗಬೇಡಿ. ಒಂದೇ ಭಾರದಲ್ಲಿ ಮೂರು ದಿನ ಸತತವಾಗಿ ಸಲ ಏರದಿದ್ದರೆ ಮೊದಲು ನಿದ್ದೆ ಮತ್ತು ಊಟವನ್ನು ನೋಡಿಕೊಳ್ಳಿ. ಅವು ಸರಿಯಿದ್ದರೆ ಭಾರವನ್ನು ಹತ್ತನೆಯ ಒಂದು ಭಾಗ ಇಳಿಸಿ, ಮತ್ತೆ ಏರಿ ಬನ್ನಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು, ಎದೆನೋವು ಬಂದಿದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಹಾಳೆಯನ್ನೂ ಹಿಡಿಯಬಾರದು. ಪ್ರತಿ ವಾರ ಏರುವ ಈ ಓಟಕ್ಕೂ ಕೊನೆಯಿದೆ. ಕೆಲವು ತಿಂಗಳ ನಂತರ ಏರಿಕೆ ನಿಧಾನವಾಗುತ್ತದೆ, ಆಗ ಬೇರೆ ಯೋಜನೆ ಬೇಕಾಗುತ್ತದೆ. ಹಳೆಯ ಸದಸ್ಯರು ಮಾಡುತ್ತಿರುವುದು ಅದನ್ನೇ, ಅವರನ್ನು ನೋಡಿ ಈಗ ನಕಲು ಮಾಡಬೇಡಿ.

ನಿಮ್ಮ ಮಾಲೀಕರನ್ನು ಎರಡು ವಿಷಯ ಕೇಳಿ. ಹಾಳೆಯಲ್ಲಿ ಪ್ರತಿ ದಿನದ ಭಾರ ಮತ್ತು ಸಲ ಬರೆಯಲು ಜಾಗ ಇದೆಯೇ? 1.25 ಕಿಲೋ ಪ್ಲೇಟ್ ಇದೆಯೇ? ಮೊದಲನೆಯದು ಇಲ್ಲದಿದ್ದರೆ ಎರಡು ರೂಲು ಎಳೆದು ನೀವೇ ಮಾಡಿಕೊಳ್ಳಿ. ಎರಡನೆಯದು ಇಲ್ಲದಿದ್ದರೆ, ಪ್ರೆಸ್ ಸಿಕ್ಕಿಕೊಂಡಾಗ ಆ ಶಿಕ್ಷಕಿ ಮಾಡಿದಂತೆ ಸಲಗಳನ್ನು ಹದಿನೆಂಟರವರೆಗೆ ಏರಿಸಿ, ಆಮೇಲೆ ಒಂದೊಂದೇ ಸೆಟ್‌ಗೆ ಭಾರ ಬದಲಿಸಿ.