ಅಡಿಕೆ ತೋಟದ ಮೊದಲ ಐದು ವರ್ಷದ ಖರ್ಚನ್ನು ಲಾಭದಲ್ಲಿ ಹೇಗೆ ಕಳೆಯೋದು?

ಪ್ರಶ್ನೆ: ನಮ್ಮದು ಶಹಾಪುರ ತಾಲೂಕು, ಕಾಲುವೆ ಕೆಳಗಿನ ಹೊಲ. ಒಂದು ಎಕರೆ ಅಡಿಕೆ ಹಾಕಬೇಕಂತ ಇದ್ದೀನಿ. ಫಸಲು ಬರೋ ತನಕ ಐದು ವರ್ಷಕ್ಕೆ ಮೂರೂವರೆ ಲಕ್ಷ ಖರ್ಚು ಅಂತಾರೆ. 25 ವರ್ಷಕ್ಕೆ ಭಾಗ ಮಾಡಿದರೆ ವರ್ಷಕ್ಕೆ 14 ಸಾವಿರ. ಲಾಭದಲ್ಲಿ ಅಷ್ಟು ಕಳೆದರೆ ಸಾಕಲ್ವಾ?

ಸಾಲಲ್ಲ ನೋಡ್ರಿ. 14 ಸಾವಿರ ಬರೆದ ಜಾಗದಲ್ಲಿ ಹತ್ತಿರ ಹತ್ತಿರ 55 ಸಾವಿರ ಬರಬೇಕು.

ನಾನು ಕಲಬುರಗಿಯಲ್ಲಿ ರೈತರ ಸಾಲದ ಅರ್ಜಿಗೆ ಬೇಕಾದ ಲೆಕ್ಕಪತ್ರ ಮಾಡಿಕೊಡುವವನು. ನಿಮ್ಮ ಕಡೆಯಿಂದ ಅಡಿಕೆ ಹಾಕ್ತೀವಿ ಅಂತ ಬರೋರು ಈಗ ಜಾಸ್ತಿ ಆಗಿದ್ದಾರೆ. ಎಲ್ಲರ ಚೀಟಿಯಲ್ಲೂ ಇದೇ ಭಾಗಾಕಾರ. ಅದರಲ್ಲಿ ಬಿಟ್ಟುಹೋಗೋದು ಬಡ್ಡಿ. ಮೊದಲ ವರ್ಷ ಗುಂಡಿಗೆ, ಸಸಿಗೆ, ಪೈಪಿಗೆ ಹಾಕಿದ ದುಡ್ಡು ಐದು ವರ್ಷ ಮಣ್ಣಲ್ಲೇ ಕೂತಿರುತ್ತೆ. ಸಾಲ ತಂದಿದ್ದರೆ ಬಡ್ಡಿ ಕಟ್ಟುತ್ತೀರಿ, ಸ್ವಂತದ್ದಾದರೆ ಬರಬೇಕಾಗಿದ್ದ ಬಡ್ಡಿ ಬಿಡುತ್ತೀರಿ. ಎರಡೂ ಒಂದೇ.

ನಿಮ್ಮ ಮೂರೂವರೆ ಲಕ್ಷವನ್ನೇ ತಗೊಳ್ಳೋಣ. 9 ಅಡಿಗೆ 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಸಸಿ ಹಿಡಿಯುತ್ತವೆ. ಮೊದಲ ವರ್ಷ ಒಂದೂವರೆ ಲಕ್ಷ, ಆಮೇಲೆ ನಾಲ್ಕು ವರ್ಷ ತಲಾ 50 ಸಾವಿರ ಅಂತ ಇಟ್ಟುಕೊಳ್ಳಿ. ಬಡ್ಡಿ ನೂರಕ್ಕೆ 10. ಮೊದಲ ವರ್ಷದ ಒಂದೂವರೆ ಲಕ್ಷ ಐದನೇ ವರ್ಷದ ಕೊನೆಗೆ 2,41,577 ಆಗುತ್ತೆ. ಎರಡನೇ ವರ್ಷದ 50 ಸಾವಿರ 73,205, ಮೂರನೆಯದು 66,550, ನಾಲ್ಕನೆಯದು 60,500, ಐದನೆಯದು 55,000. ಕೂಡಿಸಿದರೆ 4,96,832. ತೋಟ ನಿಲ್ಲಿಸೋಕೆ ಬಿದ್ದ ನಿಜವಾದ ಖರ್ಚು ಇದು, ಮೂರೂವರೆ ಲಕ್ಷ ಅಲ್ಲ.

ಇದನ್ನು ಹಂಚುವಾಗಲೂ ಸುಮ್ನೆ 25ರಿಂದ ಭಾಗಿಸಬೇಡಿ, ಯಾಕಂದ್ರೆ ತೀರದೆ ಉಳಿದ ಮೊತ್ತದ ಮೇಲೆ ಬಡ್ಡಿ ಓಡುತ್ತಲೇ ಇರುತ್ತೆ. ಟ್ರ್ಯಾಕ್ಟರ್ ಸಾಲದ ಕಂತು ಹಾಕೋ ಹಾಗೆ ಹಾಕಬೇಕು. ಮೊಬೈಲಲ್ಲಿ ಎಕ್ಸೆಲ್ ಇದ್ದರೆ ಇಷ್ಟೇ:

```
=PMT(10%,25,-496832)
```

ಉತ್ತರ 54,735. ಅಡಿಕೆ ಪೂರ್ತಿ ಫಸಲಿಗೆ ಬಂದ ಮೇಲೆ ಒಂದು ವರ್ಷ ನಿಮಗೆ 6 ಕ್ವಿಂಟಾಲ್ ಒಣ ಅಡಿಕೆ ಸಿಕ್ಕಿ, ಕ್ವಿಂಟಾಲಿಗೆ 35 ಸಾವಿರದಂತೆ ಹೋಯಿತು ಅನ್ನಿ. 2,10,000 ಬಂತು. ಆ ವರ್ಷದ ಗೊಬ್ಬರ, ಕೂಲಿ, ಕೊಯ್ಲು, ಸುಲಿತ, ಸಾಗಣೆ ಎಲ್ಲ ಸೇರಿ 90 ಸಾವಿರ ಹೋದರೆ ಕೈಯಲ್ಲಿ ಉಳಿಯೋದು 1,20,000. ನಿಮ್ಮ ಲೆಕ್ಕದಲ್ಲಿ ಲಾಭ 1,06,000. ನನ್ನ ಲೆಕ್ಕದಲ್ಲಿ 65 ಸಾವಿರ ಚಿಲ್ಲರೆ. ದರ ಮತ್ತು ಇಳುವರಿ ನಾನು ಉದಾಹರಣೆಗೆ ಇಟ್ಟದ್ದು, ನಿಮ್ಮವು ಹಾಕಿಕೊಳ್ಳಿ. ಸಾಗಣೆ ಮಾತ್ರ ಕಡಿಮೆ ಹಿಡಿಯಬೇಡಿ, ದೊಡ್ಡ ಅಡಿಕೆ ಮಾರುಕಟ್ಟೆಗಳೆಲ್ಲ ಶಿವಮೊಗ್ಗ, ಚನ್ನಗಿರಿ ಕಡೆ ಇವೆ.

ಈಗ ಜನ ಗಮನಿಸದ ಒಂದು ವಿಷಯ. ತೋಟ ಎಷ್ಟು ವರ್ಷ ಬಾಳುತ್ತೆ ಅಂತ ಎಲ್ಲರೂ ಕೇಳ್ತಾರೆ. 25ರ ಬದಲು 40 ವರ್ಷ ಬಾಳಿತು ಅಂತ ಲೆಕ್ಕ ಹಾಕಿದರೆ ವರ್ಷದ ಪಾಲು 50,806ಕ್ಕೆ ಇಳಿಯುತ್ತೆ. ಹದಿನೈದು ವರ್ಷ ಜಾಸ್ತಿ ಬಾಳಿದರೂ ಉಳಿತಾಯ ನಾಲ್ಕು ಸಾವಿರವೂ ಇಲ್ಲ! ಅದೇ ಮೊದಲ ಫಸಲು ಒಂದೇ ಒಂದು ವರ್ಷ ತಡವಾಗಲಿ. ಇನ್ನೊಂದು 50 ಸಾವಿರ ಖರ್ಚು, ಅಷ್ಟೂ ಮೊತ್ತದ ಮೇಲೆ ಇನ್ನೊಂದು ವರ್ಷದ ಬಡ್ಡಿ, ಒಟ್ಟು 6 ಲಕ್ಷ ದಾಟುತ್ತೆ, ವರ್ಷದ ಪಾಲು 66 ಸಾವಿರ ಚಿಲ್ಲರೆ. ಅಂದರೆ ಹನ್ನೊಂದೂವರೆ ಸಾವಿರ ಹೆಚ್ಚು, ಅದೂ ಪ್ರತಿ ವರ್ಷ. ಹಾಗಾಗಿ ನೀವು ಕೇಳಬೇಕಾದ್ದು ನಮ್ಮ ಬಿಸಿಲಲ್ಲಿ, ನಮ್ಮ ಮಣ್ಣಲ್ಲಿ ಐದೇ ವರ್ಷಕ್ಕೆ ಬರುತ್ತಾ ಅಂತ. ಅಡಿಕೆಯ ಸೀಮೆಯಲ್ಲೇ ಮೊದಲ ಫಸಲಿಗೆ 5ರಿಂದ 7 ವರ್ಷ ಹಿಡಿಯುತ್ತೆ.

ಸುರಪುರದ ಹತ್ತಿರ ಒಂದು ತೋಟ ನೋಡಿದ್ದೆ. ಗಿಡಗಳ ಕಾಂಡದಲ್ಲಿ ನೈಋತ್ಯ ದಿಕ್ಕಿಗೆ, ಮಧ್ಯಾಹ್ನದ ಮೇಲಿನ ಬಿಸಿಲು ನೇರ ಬೀಳೋ ಕಡೆ, ಬಂಗಾರದ ಬಣ್ಣದ ಮಚ್ಚೆ. ಕೆಲವು ಕಡೆ ಅದು ಕಂದಾಗಿ ಸೀಳಿತ್ತು. ಇನ್ನೊಂದು ಪಕ್ಕ ಹಸಿರಾಗೇ ಇತ್ತು. ಸೀಳಿದ ಗಿಡ ಮುಂದೆ ಗಾಳಿಗೆ ಅಲ್ಲೇ ಮುರಿಯುತ್ತೆ, ಮತ್ತೆ ಸಸಿ ಇಟ್ಟರೆ ಆ ಜಾಗದ ಲೆಕ್ಕ ಮೊದಲಿಂದ ಶುರು. ಅಡಿಕೆ 36 ಡಿಗ್ರಿವರೆಗೆ ಚೆನ್ನಾಗಿ ತಡೆಯುತ್ತೆ, ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ದಾಟೋದು ಮಾಮೂಲಿ. ದಕ್ಷಿಣ ಮತ್ತು ಪಶ್ಚಿಮದ ಬದಿಗೆ ನೆರಳಿನ ಮರ ಬೆಳೆಸಬೇಕು, ಎಳೆ ಕಾಂಡಕ್ಕೆ ಸೋಗೆ ಸುತ್ತಬೇಕು. ಆ ಕೂಲಿಯೂ ಈ ಐದು ವರ್ಷದ ಖರ್ಚಿಗೇ ಸೇರುತ್ತೆ.

ನೀರಿನ ಮಾತೂ ಅಷ್ಟೇ. ಹನಿ ನೀರಾವರಿಯಲ್ಲಿ ಬೆಳೆದ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಅಂತ ಹೇಳ್ತಾರೆ. 540 ಗಿಡಕ್ಕೆ ಹತ್ತಿರ ಹತ್ತಿರ 11 ಸಾವಿರ ಲೀಟರ್ ಆಯ್ತು, ನಮ್ಮ ಬಿಸಿಲಿಗೆ ಇದು ಸಾಲೋದು ಅನುಮಾನ. ಕಾಲುವೆಗೆ ಬೇಸಿಗೆ ಪೂರ್ತಿ ನೀರು ಬಿಡಲ್ಲ ಅನ್ನೋದು ನಿಮಗೇ ಗೊತ್ತು. ಹಾಗಾಗಿ ಬೋರ್‌ವೆಲ್ ಅಥವಾ ಟ್ಯಾಂಕರ್ ದುಡ್ಡು ಬರೆಯದ ಪಟ್ಟಿಯನ್ನು ನಾನು ನಂಬಲ್ಲ. ಮಣ್ಣು ಮಸಾರಿ ಆದರೆ ಪರವಾಗಿಲ್ಲ. ನೀರು ನಿಲ್ಲೋ ಎರಿ ಆದರೆ ಬೇರು ಕೊಳೆಯುತ್ತೆ, ಬಸಿಗಾಲುವೆ ತೆಗೆಸಬೇಕು. ಅಂಥ ಹೊಲಕ್ಕೆ ನಾನು ಅಡಿಕೆಯೇ ಬೇಡ ಅಂತೀನಿ.

ಖರ್ಚು ಇಳಿಸೋ ದಾರಿ ಬಾಳೆ. ಎಳೆ ಸಸಿಗೆ ನೆರಳೂ ಆಯಿತು. ಎರಡನೇ ಮತ್ತು ಮೂರನೇ ವರ್ಷದ ಕೊನೆಗೆ ಬಾಳೆಯಿಂದ ಖರ್ಚು ಕಳೆದು ತಲಾ 40 ಸಾವಿರ ಉಳಿದರೆ, ಬಡ್ಡಿ ಸೇರಿ ಅದು 1,01,640 ಆಗಿ ಮೊತ್ತದಿಂದ ಕಳೆಯುತ್ತೆ. ವರ್ಷದ ಪಾಲು 43,500ಕ್ಕೆ ಇಳಿಯುತ್ತೆ. ಒಂದು ವರ್ಷ ತಡವಾದರೆ ಬೀಳೋ ಪೆಟ್ಟನ್ನು ಬಾಳೆ ಹೆಚ್ಚುಕಮ್ಮಿ ಪೂರ್ತಿ ತಡೆದುಕೊಳ್ಳುತ್ತೆ. ಬಾಳೆಗೆ ನೀರು ಇನ್ನೂ ಜಾಸ್ತಿ ಬೇಕು, ಅದನ್ನು ಮರೆಯಬೇಡಿ.

ಆ ಹೊಲವನ್ನು ಈಗ ಲಾವಣಿಗೆ ಕೊಟ್ಟರೆ ವರ್ಷಕ್ಕೆ 20 ಸಾವಿರ ಬರುತ್ತೆ ಅನ್ನೋದಾದರೆ ಅದನ್ನೂ ಖರ್ಚು ಅಂತಲೇ ಬರೆಯಿರಿ. ಐದು ವರ್ಷಕ್ಕೆ ಬಡ್ಡಿ ಸಮೇತ 1,34,000 ದಾಟುತ್ತೆ. ಫಸಲು ಶುರುವಾದ ಮೇಲೂ ವರ್ಷಾವರ್ಷದ ಲಾವಣಿಯನ್ನು ಆ ವರ್ಷದ ಖರ್ಚಲ್ಲಿ ಹಿಡಿಯಿರಿ. ಆಗ ಮೇಲಿನ 65 ಸಾವಿರ ಎಷ್ಟಕ್ಕೆ ಬಂತು ಅಂತ ನೀವೇ ನೋಡಿ: 30 ಸಾವಿರದ ಆಸುಪಾಸು.

ಹಂಚೋದನ್ನು ಯಾವ ವರ್ಷದಿಂದ ಶುರು ಮಾಡಬೇಕು ಅನ್ನೋದೊಂದು ಉಳಿಯಿತು. ಮೊದಲ ಹೊಂಬಾಳೆ ಕಂಡ ವರ್ಷದಿಂದ ಅಲ್ಲ. ಅಡಿಕೆ ಮಾರಿದ ದುಡ್ಡು ಆ ವರ್ಷದ ಖರ್ಚನ್ನು ತಾನೇ ಹೊತ್ತುಕೊಂಡ ವರ್ಷದಿಂದ. ಆರನೇ ವರ್ಷ 60 ಸಾವಿರ ಬಂದು 70 ಸಾವಿರ ಹೋದರೆ, ಆ 10 ಸಾವಿರ ಕೊರತೆಯನ್ನೂ ಹಳೇ ಮೊತ್ತಕ್ಕೆ ಬಡ್ಡಿ ಸಮೇತ ಕೂಡಿಸಿ, ಏಳನೇ ವರ್ಷದಿಂದ ಕಂತು ಹಾಕಿ. ಹನಿ ಪೈಪನ್ನು ಮಾತ್ರ ಇದರಲ್ಲಿ ಸೇರಿಸದೆ ಬೇರೆ ಇಡಿ. ಅದು 25 ವರ್ಷ ಬಾಳಲ್ಲ, ಅದರ ಬಾಳಿಕೆ ಎಷ್ಟೋ ಅಷ್ಟು ವರ್ಷಕ್ಕೆ ಹಂಚಿ. ಸಹಾಯಧನ ಬಂದಿದ್ದರೆ ಕಳೆದು ಬರೆಯಿರಿ.

ಬೋರ್‌ವೆಲ್ ನೀರು ಮೇ ತಿಂಗಳಲ್ಲಿ ಎಷ್ಟು ಬರುತ್ತೆ, ಮಣ್ಣು ಎರಿಯೋ ಮಸಾರಿಯೋ ಅಂತ ಬರೆದರೆ ನಿಮ್ಮದೇ ಅಂಕಿ ಹಾಕಿ ಲೆಕ್ಕ ಮಾಡಿಕೊಡ್ತೀನಿ.