ಇವತ್ತೂ ಈ ಲೈನು ಬೇಕೇ?

*ನಮ್ಮ ಐಸಿಯುನಲ್ಲಿ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕುವಾಗ ಚೆಕ್‌ಲಿಸ್ಟ್ ತುಂಬುತ್ತೇವೆ, ದಿನವೂ ಲೈನಿನ ಆರೈಕೆಯ ಹಾಳೆಗೆ ಟಿಕ್ ಹಾಕುತ್ತೇವೆ. ಆದರೂ ಸೋಂಕು ನಿಂತಿಲ್ಲ. ತುರ್ತಿನಲ್ಲಿ ಇದೆಲ್ಲ ಹೊರೆ ಅಂತಾರೆ ಡಾಕ್ಟರು. ಅವರದ್ದೂ ಸರಿಯೇ ಅಲ್ಲವೇ?*
*— ಒಬ್ಬ ಸ್ಟಾಫ್ ನರ್ಸ್, ರಾಜಾಜಿನಗರ, ಬೆಂಗಳೂರು*

ಬಿಪಿ ಕುಸಿಯುತ್ತಿರುವಾಗ ಯಾರೂ ಹಾಳೆ ಹಿಡಿದು ನಿಲ್ಲಲಾರರು, ಒಪ್ಪಿದೆ. ಆದರೆ ಹಾಗೆ ಅವಸರದಲ್ಲಿ ಹಾಕಿದ ಲೈನನ್ನು 48 ಗಂಟೆಯೊಳಗೆ ತೆಗೆದು, ಬೇಕಿದ್ದರೆ ಹೊಸದನ್ನು ಹಾಕಬೇಕೆಂಬ ನಿಯಮವೂ ಇದೆ. ಅದನ್ನು ಆ ಡಾಕ್ಟರಿಗೆ ನೆನಪಿಸುವವರು ನೀವೇ ಆಗಬೇಕು.

ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಲೈನಿನ ಸೋಂಕು ತಗ್ಗಿಸಲು ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರ ತಂಡ ಮಾಡಿದ ಕೆಲಸ 2006ರಲ್ಲಿ ಪ್ರಕಟವಾಯಿತು. ಕೈ ತೊಳೆಯುವುದು; ಲೈನ್ ಹಾಕುವಾಗ ಗೌನು, ಮಾಸ್ಕು, ರೋಗಿಯ ಮೈತುಂಬ ಸ್ಟೆರೈಲ್ ಹೊದಿಕೆ; ಚರ್ಮಕ್ಕೆ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್; ಆದಷ್ಟೂ ತೊಡೆಸಂದಿಯ ನಾಳ ಬೇಡ; ಬೇಡದ ಲೈನು ತೆಗೆ. ಈ ಐದನ್ನು ನಮ್ಮವರು ಬಾಯಿಪಾಠ ಮಾಡಿಕೊಂಡರು. ತುರ್ತಿಲ್ಲದಾಗ ಯಾವುದಾದರೂ ತಪ್ಪಿದರೆ ಡಾಕ್ಟರನ್ನು ಅಲ್ಲೇ ತಡೆಯುವ ಅಧಿಕಾರ ಅಲ್ಲಿನ ನರ್ಸುಗಳಿಗೆ ಇತ್ತು ಎಂಬುದನ್ನು ಮಾತ್ರ ಬಿಟ್ಟರು.

ಇನ್ನು ದಿನದ ಹಾಳೆ. ನಗರದ ಒಂದು ಆಸ್ಪತ್ರೆಯ ಕೇಸ್ ಶೀಟ್ ನೋಡಿದ್ದೇನೆ. ರೋಗಿಗೆ ಸೋಮವಾರ ಕುತ್ತಿಗೆಯಲ್ಲಿ ಲೈನು ಹಾಕಿದ್ದರು, ಗುರುವಾರ ಬಿಪಿ ಏರಿಸುವ ಔಷಧಿ ನಿಂತಿತ್ತು. ರಕ್ತ ತೆಗೆಯಲು ಸಲೀಸು ಅಂತ ಲೈನು ಉಳಿಯಿತು. ಭಾನುವಾರ ಚಳಿಜ್ವರ. ಲೈನಿನಿಂದಲೂ ತೋಳಿನಿಂದಲೂ ಒಟ್ಟಿಗೆ ಕಲ್ಚರ್ ಕಳಿಸಿದರು. ಒಂದೇ ಕ್ರಿಮಿ ಬೆಳೆಯಿತು, ಲೈನಿನ ಬಾಟಲಿ ತೋಳಿನದ್ದಕ್ಕಿಂತ ಎರಡು ಗಂಟೆಗೂ ಹೆಚ್ಚು ಮೊದಲೇ ಪಾಸಿಟಿವ್ ಬಂತು. ಮೂಲ ಲೈನೇ ಎನ್ನಲು ಅದು ಬಲವಾದ ಸುಳಿವು. ಹಾಳೆಯಲ್ಲಿ ಏಳೂ ದಿನದ ಟಿಕ್ ಇತ್ತು, ಎಲ್ಲವೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ.

ಬೇಡವಾದ ಆ ಮೂರು ದಿನ ರಕ್ತ ತೆಗೆದಾಗಲೆಲ್ಲ ಲೈನಿನ ಹೊರತುದಿಯ ಹಬ್ ತೆರೆಯಿತು. ಪ್ರತಿ ಸಲ ಅದನ್ನು ಆಲ್ಕೋಹಾಲ್ ಸ್ವ್ಯಾಬಿನಿಂದ 15 ಸೆಕೆಂಡ್ ಉಜ್ಜಿ, ಒಣಗಲು ಬಿಡಬೇಕು. ಪಾರದರ್ಶಕ ಡ್ರೆಸಿಂಗ್ ಏಳು ದಿನ ಇರಬಹುದು. ಅಂಚು ಎದ್ದರೆ, ಒದ್ದೆಯಾದರೆ ಆ ಕ್ಷಣವೇ ಬದಲಾಗಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸಿಗೆ ವೆಂಟಿಲೇಟರಿನ ಮೂರು ರೋಗಿಗಳನ್ನು ಒಪ್ಪಿಸಿದರೆ ಆ 15 ಸೆಕೆಂಡ್ ಎಲ್ಲಿಂದ ಬರಬೇಕು? ಲಾಬಿಗೆ ಗ್ರಾನೈಟ್ ಹಾಸಲು ಹಣವಿರುವ ಆಡಳಿತಗಳು ನರ್ಸುಗಳನ್ನು ವರ್ಷದ ಕಾಂಟ್ರಾಕ್ಟಿನಲ್ಲಿ ಇಟ್ಟುಕೊಂಡು, ಸೋಂಕು ಬಂದ ದಿನ ಅವರಿಗೇ ಮೆಮೊ ಕೊಡುತ್ತವೆ. ಸಿಟ್ಟು ಬರುತ್ತದೆ ನನಗೆ.

ನೀವು ಡಾಕ್ಟರ ಪರ ವಾದಿಸಿದ್ದು ಸಾಕು. ನಾಳೆಯ ರೌಂಡ್ಸಿನಲ್ಲಿ "ಇವತ್ತೂ ಈ ಲೈನು ಯಾಕೆ ಬೇಕು?" ಎಂದು ಕೇಳಿ, ಟಿಕ್ ಜಾಗದಲ್ಲಿ ಅವರು ಹೇಳಿದ ಕಾರಣವನ್ನೇ ಬರೆಯಿರಿ. "ರಕ್ತ ತೆಗೆಯಲು" ಎಂದರೆ ಅದನ್ನೂ ಹಾಗೆಯೇ ಬರೆದು, ಸಹಿ ಕೇಳಿ.